ಸ್ಥಾನಪಟ್ಟಿ ಕಲಿಸುವ ಪಾಠ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಭಟ್ಕಳ, ಹೊನ್ನಾವರ, ಕುಮಟಾದ ರಸ್ತೆ ಬದಿಗಳಲ್ಲಿ ಮಕ್ಕಳ ಫೋಟೊ ಮತ್ತು ಸ್ಥಾನ ಹೊತ್ತ ಬ್ಯಾನರುಗಳು ಏಳುತ್ತವೆ. ಸಾಧಿಸಿದ ಮಗುವನ್ನು ಅಭಿನಂದಿಸುವುದು ತಪ್ಪಲ್ಲ. ಆದರೆ ಎಂಟು, ಒಂಬತ್ತನೇ ತರಗತಿಯ ಘಟಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನೂ ಸ್ಥಾನದ ಕ್ರಮದಲ್ಲಿ ಕೂಗಿ ಹಂಚುವ ರೂಢಿಯನ್ನು ಬೋಧನಾಭ್ಯಾಸದಲ್ಲಿ ನಾವು ಮುಂದುವರಿಸಬೇಕೇ?

ಸ್ಪರ್ಧೆಯಿಂದ ಮಕ್ಕಳು ಗಟ್ಟಿಯಾಗುತ್ತಾರೆ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಸಿಇಟಿಯಲ್ಲಿ ಸೀಟುಗಳು ಸೀಮಿತ, ಅಲ್ಲಿ ರ‍್ಯಾಂಕ್ ಅನಿವಾರ್ಯ. ಎಸ್ಸೆಸ್ಸೆಲ್ಸಿ ಹಾಗಲ್ಲ. 625ರಲ್ಲಿ ಗೆಳತಿ 600 ಪಡೆದರೆ ನನ್ನ ಒಂದಂಕವೂ ಕಡಿಮೆಯಾಗುವುದಿಲ್ಲ. ಘಟಕ ಪರೀಕ್ಷೆಯಂತೂ ಮಗುವಿಗೆ ಏನು ತಿಳಿದಿಲ್ಲ ಎಂದು ನೋಡಲಿಕ್ಕಿರುವುದು. ಅಲ್ಲಿಗೆ ಸ್ಥಾನ ತಂದರೆ, ಇಲ್ಲದ ಕೊರತೆಯನ್ನು ನಾವೇ ಹುಟ್ಟಿಸಿದಂತೆ. ಒಬ್ಬರು ಮೇಲೇರಬೇಕಾದರೆ ಇನ್ನೊಬ್ಬರು ಇಳಿಯಲೇಬೇಕು.

40 ಮಕ್ಕಳ ಒಂದು ತರಗತಿಯನ್ನು ಊಹಿಸಿಕೊಳ್ಳಿ. 25 ಅಂಕಗಳ ಗಣಿತ ಪರೀಕ್ಷೆಯಲ್ಲಿ 19 ಅಂಕ ಪಡೆದವರು ಆರು ಮಂದಿ, ಅವರಿಗಿಂತ ಮೇಲಿರುವವರು ಎಂಟು ಮಂದಿ. ಹಾಗಾದರೆ 19 ಎಂದರೆ ಒಂಬತ್ತನೇ ಸ್ಥಾನ, 18 ಎಂದರೆ ಹದಿನೈದನೆಯದು. ಕೊನೆಯ ಹಂತ ಬರೆಯದ್ದಕ್ಕೆ ಕಳೆದ ಒಂದೇ ಅಂಕ ಮಗುವನ್ನು ಆರು ಸ್ಥಾನ ಕೆಳಗೆ ತಳ್ಳಿತು. ಯಾವ ಹಂತ ತಪ್ಪಿತು ಎಂಬುದು ಆ ಸಂಖ್ಯೆಯಲ್ಲಿ ಇಲ್ಲವೇ ಇಲ್ಲ.

ಗುಣದ ಮೇಲೆ ಇದರ ಪರಿಣಾಮ ತರಗತಿಯಲ್ಲೇ ಕಾಣುತ್ತದೆ. ಪತ್ರಿಕೆ ಕೈಗೆ ಬಂದೊಡನೆ ಮಗು ತನ್ನ ತಪ್ಪನ್ನು ನೋಡುವ ಮೊದಲು "ಅವನಿಗೆಷ್ಟು?" ಎಂದು ಕೇಳುತ್ತದೆ. ಮಳೆಗಾಲದಲ್ಲಿ ನಾಲ್ಕು ದಿನ ಬಾರದವನಿಗೆ ಟಿಪ್ಪಣಿ ಪುಸ್ತಕ ಸಿಗುವುದಿಲ್ಲ. ಅರ್ಥವಾಗದವರು ಕೈ ಎತ್ತುವುದಿಲ್ಲ. ಮೊದಲ ಐದು ಸ್ಥಾನಗಳಲ್ಲಿ ಅದೇ ಐದು ಮಂದಿ ಹಿಂದೆ ಮುಂದೆ ಆಗುತ್ತಿರುತ್ತಾರೆ, ಕೊನೆಯ ಬೆಂಚಿನವರು ತಮ್ಮ ಸ್ಥಾನ ಇಷ್ಟೇ ಎಂದು ಒಪ್ಪಿಕೊಂಡು ಪ್ರಯತ್ನ ಬಿಡುತ್ತಾರೆ. ಗಟ್ಟಿಯಾಗುವವರು ಕೆಲವರೇ, ಅವರೂ ಹಂಚಿಕೊಳ್ಳುವುದನ್ನು ಮರೆಯುತ್ತಾರೆ.

ಕಬಡ್ಡಿಯಲ್ಲೂ ಸೋಲು ಗೆಲುವು ಇದೆಯಲ್ಲ ಎನ್ನಬಹುದು. ಆದರೆ ಅಲ್ಲಿ ಆಟ ಮುಗಿದ ಮೇಲೆ ಸ್ಪರ್ಧೆಯೂ ಮುಗಿಯುತ್ತದೆ, ಮುಂದಿನ ವಾರ ತಂಡ ಬದಲಾಗಬಹುದು. ತರಗತಿಯ ಸ್ಥಾನ ವರ್ಷವಿಡೀ ಮಗುವಿನ ಹೆಸರಿಗೆ ಅಂಟಿಕೊಂಡಿರುತ್ತದೆ.

ನಮ್ಮ ಪ್ರಶಿಕ್ಷಣಾರ್ಥಿಗಳು ಇಷ್ಟು ಮಾಡಬಹುದು. ಪತ್ರಿಕೆಗಳನ್ನು ಹಾಜರಿ ಕ್ರಮದಲ್ಲಿ, ಅಂಕ ಕೂಗದೆ ಕೊಡಿ. ಪ್ರತಿ ಪ್ರಶ್ನೆಗೆ ಎಷ್ಟು ಮಂದಿ ತಪ್ಪಿದ್ದಾರೆಂದು ಎಣಿಸಿ ಕಪ್ಪುಹಲಗೆಯ ಮೇಲೆ ಬರೆಯಿರಿ. ಅರ್ಧಕ್ಕಿಂತ ಹೆಚ್ಚು ಮಂದಿ ತಪ್ಪಿದ್ದರೆ ಅದು ನಮ್ಮ ಪಾಠದ ಕೊರತೆ, ಮತ್ತೊಮ್ಮೆ ಕಲಿಸಬೇಕು. ಕೆಲವರಷ್ಟೇ ತಪ್ಪಿದ್ದರೆ, ಸರಿ ಬರೆದವರ ಪಕ್ಕದಲ್ಲಿ ಕೂರಿಸಿ ಹತ್ತು ನಿಮಿಷ ಕೊಡಿ. ಹೋಲಿಕೆ ಬೇಕಿದ್ದರೆ ಮಗುವಿನ ಹಿಂದಿನ ಪರೀಕ್ಷೆಯೊಡನೆ ಇರಲಿ. ಪಾಲಕರು ಸ್ಥಾನ ಕೇಳಿದರೆ ಈ ಎರಡು ಪತ್ರಿಕೆಗಳನ್ನೇ ಅವರ ಮುಂದಿಡಿ.