ಗೆಳತಿಯ ಕೋಡ್‌ನಲ್ಲಿ ತಪ್ಪು ಕಂಡಾಗ

ಕೊಡೈಕಾನಲ್ ಸೌರ ವೀಕ್ಷಣಾಲಯದಲ್ಲಿ 1904ರಿಂದಲೂ ಸೂರ್ಯನ ಚಿತ್ರ ತೆಗೆಯುತ್ತಿದ್ದಾರೆ. ಮೋಡ ಕವಿದ ದಿನ ಮಾತ್ರ ಚಿತ್ರ ಸಿಗಲ್ಲ. ಐದು ದಿನಗಳ ಸೌರಕಲೆಗಳ ಸರಾಸರಿ ತೆಗೆಯಲು ನಿಮ್ಮ ಗೆಳತಿ ಹೀಗೆ ಕೋಡ್ ಬರೆದಿದ್ದಾಳೆ ಅಂತಿಟ್ಟುಕೊಳ್ಳಿ:

```python
kale = [4, 6, 0, 5, 5]
print(sum(kale) / 5)
```

ಉತ್ತರ 4.0 ಬರುತ್ತೆ. ಅದನ್ನು ಪರಿಶೀಲಿಸುವ ನೀವು "ನಿಂಗೆ ಸರಾಸರಿನೂ ಬರಲ್ವಾ?" ಅಂತ ಬರೆದರೆ ಅವಳಿಗೆ ಅವಮಾನವಾಗುತ್ತೆ, ತಪ್ಪೆಲ್ಲಿದೆ ಅನ್ನೋದು ಮಾತ್ರ ತಿಳಿಯಲ್ಲ. ನಾನಾದರೆ ಹೀಗೆ ಬರೆಯುತ್ತೇನೆ: "ಮೊದಲ ಸಾಲಿನ 0 ಮೋಡದ ದಿನದ್ದಾ, ಕಲೆಯೇ ಇಲ್ಲದ ದಿನದ್ದಾ? ಮೋಡದ್ದಾದರೆ ಆ ದಿನವನ್ನು ಲೆಕ್ಕಕ್ಕೆ ಸೇರಿಸಬಾರದು. ಆಗ 20ನ್ನು 4ರಿಂದ ಭಾಗಿಸಬೇಕು, ಸರಾಸರಿ 5 ಆಗುತ್ತೆ."

ಪ್ರಶ್ನೆಯ ರೂಪದಲ್ಲಿ ಬರೆದದ್ದು ಬರೀ ಮರ್ಯಾದೆಗಲ್ಲ. ಸೂರ್ಯನ ಮೇಲೆ ಒಂದೂ ಕಲೆ ಕಾಣದ ದಿನಗಳು ನಿಜವಾಗಿಯೂ ಇರುತ್ತವೆ. ಅದು ಅಂಥ ದಿನವಾಗಿದ್ದರೆ ಅವಳ 4 ಸರಿ, ನನ್ನ 5 ತಪ್ಪು! ಹಾಗಂತ, ನೋವಾಗಬಾರದು ಅಂತ "ಚೆನ್ನಾಗಿದೆ, ಇನ್ನೊಂಚೂರು ನೋಡು" ಅಂದುಬಿಡೋದನ್ನೂ ನಾನು ಒಪ್ಪಲ್ಲ. ಅದನ್ನು ಓದಿ ಅವಳು ಯಾವ ಸಾಲನ್ನು ತಿದ್ದಬೇಕು?