ಅಪ್ಪನ ಪಿಂಚಣಿ ಪತ್ರ, ನಮ್ಮ ಮಾತಿನಾಗ

ಅಪ್ಪ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದವರು. ಪಿಎಫ್ ಕಚೇರಿಯ ಇಂಗ್ಲಿಷ್ ಪತ್ರವನ್ನು ಅವರಿಗಾಗಿ ಕನ್ನಡಕ್ಕಿಳಿಸುತ್ತಾ ‘ಜೀವಿತ ಪ್ರಮಾಣಪತ್ರ’ ಅಂತ ಬರೆದೆ. “ಬದುಕೀನಿ ಅಂತ ತೋರಿಸೋ ಕಾಗದ ಅಂತ ಬರಿ, ತಿಳೀತದ” ಅಂದರು. ಹಾಗೇ ಬರೆದೆ.

ಬೇಕಾದದ್ದು ಇಷ್ಟೇ: ಪಿಪಿಒ, ಅಂದರೆ ಪಿಂಚಣಿ ಆದೇಶದ ಸಂಖ್ಯೆ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಆಧಾರ್‌ಗೆ ಜೋಡಿಸಿದ ಮೊಬೈಲ್.

ತೊಡಕಿದ್ದದ್ದು ಗಡುವಿನಲ್ಲಿ. ಪಕ್ಕದ ಮನೆಯ ರೈಲ್ವೆ ಕಾಕಾ ವರ್ಷಾ ನವೆಂಬರ್‌ನಲ್ಲಿ ಕೊಡ್ತಾರೆ. ಅಪ್ಪನೂ ನವೆಂಬರ್ ಅಂತಲೇ ತಿಳಿದಿದ್ದರು. ಆದರೆ ಪಿಎಫ್‌ನ ಇಪಿಎಸ್-95 ಪಿಂಚಣಿಗೆ ಕೊಟ್ಟ ದಿನದಿಂದ ಒಂದು ವರ್ಷದ ಲೆಕ್ಕ. ಕಳೆದ ಸಲ ಅಪ್ಪ ಕೊಟ್ಟದ್ದು ಆಗಸ್ಟ್ 20ಕ್ಕೆ. ನವೆಂಬರ್‌ತನಕ ಕೂತರೆ ನಡುವೆ ಪಿಂಚಣಿ ನಿಲ್ಲುತ್ತದೆ. ಆಮೇಲೆ ಕಾಗದ ಕೊಟ್ಟರೆ ಬಾಕಿ ಬರುತ್ತದೆ ನಿಜ, ಅಲ್ಲೀತನಕ ಔಷಧಿ ಅಂಗಡಿಯವ ಕಾಯ್ತಾನೇನ್ರಿ? ಅದಕ್ಕೇ ‘ಒಂದು ವರ್ಷ’ ಅನ್ನೋ ಕಡೆ ಕೆಂಪು ಶಾಯಿಯಲ್ಲಿ ‘ಆಗಸ್ಟ್ 19 ದಾಟಬಾರದು’ ಅಂತ ಬರೆದೆ.

“ಕಲಬುರಗಿಗಿ ಹೋಗಬೇಕೇನು?” ಅಂದರು. ಬೇಕಿಲ್ಲ. ಪಿಂಚಣಿ ಬರೋ ಬ್ಯಾಂಕ್, ಅಂಚೆ ಕಚೇರಿ, ಸಾಮಾನ್ಯ ಸೇವಾ ಕೇಂದ್ರ, ಎಲ್ಲಾದರೂ ಆಗುತ್ತದೆ. ದುಡಿದು ಸವೆದ ಬೆರಳಿನ ಗುರುತನ್ನು ಯಂತ್ರ ಹಿಡಿಯದಿದ್ದರೆ ಮೊಬೈಲಿನಲ್ಲಿ ಮುಖ ತೋರಿಸಿಯೂ ಮುಗಿಸಬಹುದು. ಕೊನೆಗೆ ಬರೋ ‘ಪ್ರಮಾಣ್ ಐಡಿ’ಯನ್ನೂ ಆ ದಿನದ ತಾರೀಖನ್ನೂ ಪಾಸ್‌ಬುಕ್ಕಿನ ಹಿಂದೆ ಬರೆದಿಡಿ. ಮುಂದಿನ ಗಡುವು ಎಣಿಸೋದು ಅಲ್ಲಿಂದಲೇ.