ಬಿಡುವಿನ ಹೆಸರಲ್ಲಿ ಕದ್ದ ಕೂಲಿ

ಕಾಯಕದ ಮೇಲೆ ಅರ್ಧ ಗಂಟೆ ಉಪನ್ಯಾಸ ಮಾಡಿ ಮಠದಿಂದ ಮನೆಗೆ ಬಂದ ದಿನವೇ ನಾನು ಕಳ್ಳನೆಂದು ನನಗೆ ಗೊತ್ತಾಯಿತು. ಅದನ್ನು ಮುಚ್ಚಿಟ್ಟುಕೊಂಡು ಮತ್ತೆ ಉಪನ್ಯಾಸ ಮಾಡಲಾರೆ.

ನಮ್ಮದು ಬಂಗಾರಪೇಟೆ. ಮನೆಗೆಲಸಕ್ಕೆ ಬರುವ ತಾಯಿ ಮಾರಿಕುಪ್ಪಂನವರು. ಅವರ ಮಾವ ಚಿನ್ನದ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ಆ ಸಾಲುಮನೆಗಳ ಜನಕ್ಕೆ ರೈಲೇ ಅನ್ನದ ದಾರಿಯಾಯಿತು. ಹೆಚ್ಚಿನವರು ಬೆಂಗಳೂರಿಗೆ ಹೋಗುತ್ತಾರೆ, ಈ ತಾಯಿ ನಮ್ಮ ಊರಿಗೇ ಇಳಿಯುತ್ತಾರೆ. ಬೆಳಿಗ್ಗೆ 8ಕ್ಕೆ ಬಂದು ಸಂಜೆ 5ಕ್ಕೆ ಹೋಗುತ್ತಾರೆ. ಭಾನುವಾರ ರಜೆ. ಸಂಬಳ ತಿಂಗಳಿಗೆ 9,360 ರೂಪಾಯಿ.

ಕರ್ನಾಟಕದಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದ್ದು 2004ರಲ್ಲಿ. ವರ್ಷವರ್ಷವೂ ಏಪ್ರಿಲ್ 1ರಿಂದ ತುಟ್ಟಿಭತ್ಯೆ ಸೇರಿ ದರ ಏರುತ್ತದೆ. ಇಲ್ಲಿಯ ಅಂಕಿಗಳನ್ನು ಭಾಗಾಕಾರಕ್ಕೆ ಸುಲಭವಾಗಲೆಂದು ದುಂಡಗೆ ಮಾಡಿದ್ದೇನೆ. ನೀವು ಲೆಕ್ಕ ಹಾಕುವಾಗ ನಿಮ್ಮ ಊರಿನ ಈ ವರ್ಷದ ದರವನ್ನು ಅಲ್ಲಿ ಇಟ್ಟುಕೊಳ್ಳಿ. ಕೆಲಸ ನಡೆಯುವ ಊರಿನ ದರ ಎಂಬುದನ್ನು ಮರೆಯಬೇಡಿ. ‘ಮಾರಿಕುಪ್ಪಂನವಳಿಗೆ ಇಷ್ಟು ಸಾಕು’ ಎಂದು ಬೆಂಗಳೂರಿನ ಮನೆಯವರು ಹೇಳುವಂತಿಲ್ಲ. ತಿಂಗಳಿಗೆ 12,480 ಎಂದುಕೊಳ್ಳೋಣ. 26 ದಿನ, ದಿನಕ್ಕೆ 8 ಗಂಟೆ, ಅಂದರೆ 208 ಗಂಟೆ. ಗಂಟೆಗೆ 60 ರೂಪಾಯಿ.

ಇನ್ನು ನನ್ನ ಕಳ್ಳಲೆಕ್ಕ ಕೇಳಿ. ಎಂಟರಿಂದ ಐದು ಅಂದರೆ 9 ಗಂಟೆ. ಊಟಕ್ಕೆ 1 ಗಂಟೆ ಕಳೆದೆ. ಮಧ್ಯಾಹ್ನ ‘ಸುಮ್ಮನೆ ಕೂತಿರುತ್ತಾರೆ’ ಎಂದು ಮತ್ತೆ 2 ಗಂಟೆ ಕಳೆದೆ. ಉಳಿದದ್ದು 6. ತಿಂಗಳಿಗೆ 156 ಗಂಟೆ. 9,360ನ್ನು 156ರಿಂದ ಭಾಗಿಸಿದರೆ ಸರಿಯಾಗಿ 60! ನನ್ನಷ್ಟು ಧರ್ಮಿಷ್ಠ ಇನ್ನಾರು ಎಂದು ಬೀಗಿದೆ. ಬಿಡುವನ್ನು ಹೆಚ್ಚು ಕಳೆದಷ್ಟೂ ಗಂಟೆ ಕಮ್ಮಿಯಾಗಿ ದರ ತಾನೇ ಮೇಲೇರುತ್ತದೆ. ಒಂದು ಕಾಸೂ ಬಿಚ್ಚದೆ ನ್ಯಾಯವಂತರಾಗುವ ಉಪಾಯ ಇದು.

ಆ ಎರಡು ಗಂಟೆ ಏನು ನಡೆಯುತ್ತದೆ ಎಂದು ಒಂದು ವಾರ ಚೀಟಿಯಲ್ಲಿ ಬರೆದಿಟ್ಟೆ. ನನ್ನ ತಾಯಿಗೆ 84 ವರ್ಷ. ಊಟವಾದ ಮೇಲೆ ಮಲಗುತ್ತಾರೆ. ಅವರ ಮಂಚದ ಪಕ್ಕದಲ್ಲೇ ಈ ತಾಯಿ ಕೂರಬೇಕು. ಎದ್ದರೆ ನೀರು ಕೊಡಬೇಕು, ಬಚ್ಚಲಿಗೆ ಕೈಹಿಡಿದು ಕರೆದೊಯ್ಯಬೇಕು, ಗ್ಯಾಸಿನವನು ಬಂದರೆ ಬಾಗಿಲು ತೆಗೆಯಬೇಕು. ಆರು ದಿನದಲ್ಲಿ ಒಂದು ದಿನವೂ ಅವರು ಬೀದಿಯ ಕೊನೆಯ ಅಂಗಡಿಯವರೆಗೆ ಹೋಗಿಬಂದಿಲ್ಲ. ಹೋಗಲಾಗುತ್ತಿತ್ತೇ ಎಂದು ಕೇಳಿದೆ. “ಅಜ್ಜಿ ಬಿದ್ದರೆ ಯಾರು ಸಾಮಿ ಜವಾಬ್ದಾರಿ?” ಅಂದರು. ಎದ್ದು ಹೋಗಲಾಗದ ಹೊತ್ತು ಬಿಡುವಲ್ಲ, ಕಾವಲು. ಮನೆಯ ಮುಂದೆ ಕೂತ ವಾಚ್‌ಮನ್‌ಗೆ ಕೂತದ್ದಕ್ಕೇ ಸಂಬಳ ಕೊಡುವುದಿಲ್ಲವೇ?

ಆ ಎರಡು ಗಂಟೆಯನ್ನು ಮತ್ತೆ ಸೇರಿಸಿದೆ. ದಿನಕ್ಕೆ 8, ತಿಂಗಳಿಗೆ 208. ಅದೇ 9,360ನ್ನು ಭಾಗಿಸಿದರೆ ಗಂಟೆಗೆ 45. ಪ್ರತಿ ಗಂಟೆಯೂ 15 ರೂಪಾಯಿ ನಮ್ಮ ಜೇಬಿಗೆ ಬಿದ್ದಿದೆ. ತಿಂಗಳಿಗೆ 3,120.

ಊಟದ ಒಂದು ಗಂಟೆ ಮಾತ್ರ ನಿಜವಾದ ಬಿಡುವು. ಆಗ ನನ್ನ ಹೆಂಡತಿ ಅತ್ತೆಯ ಬಳಿ ಇರುತ್ತಾಳೆ. ಆದರೆ ಅದನ್ನು ತೋರಿಸಿಯೂ ಸಂಬಳ ಮುರಿಯುವಂತಿಲ್ಲ. ನಿಗದಿಯಾದ ಬಿಡುವನ್ನು ಒಳಗೊಂಡೇ ದಿನದ ಕೆಲಸದ ಅವಧಿ ಗೊತ್ತುಮಾಡಬೇಕೆಂದು 1948ರ ಕನಿಷ್ಠ ವೇತನ ಕಾಯ್ದೆ ಹೇಳಿತ್ತು, 2019ರ ವೇತನ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಎಂಟು ಗಂಟೆ ದುಡಿದು ನಡುವೆ ಉಂಡವರಿಗೆ ದಿನದ ಪೂರ್ತಿ ಕೂಲಿ ಸಲ್ಲಬೇಕು.

ಗೋಷ್ಠಿಯಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು, “ನಾವು ಅನ್ನ ಹಾಕುತ್ತೇವೆ, ಹಬ್ಬಕ್ಕೆ ಸೀರೆ ಕೊಡುತ್ತೇವೆ, ಅದೂ ದಾಸೋಹವಲ್ಲವೇ?” ಎಂದರು. ಅಲ್ಲ, ಅಯ್ಯಾ. ಕನಿಷ್ಠ ಕೂಲಿ ಹಣವಾಗಿಯೇ ಕೈಸೇರಬೇಕು. ಒಂದು ತಟ್ಟೆ ಅನ್ನಕ್ಕೆ ಬೆಲೆ ಕಟ್ಟಿ ಸಂಬಳದಲ್ಲಿ ಹಿಡಿದರೆ ಅದು ಹೋಟೆಲಾಯಿತು, ದಾಸೋಹ ಹೇಗಾಯಿತು? ಆಯ್ದಕ್ಕಿ ಲಕ್ಕಮ್ಮ ಹೆಚ್ಚಾಗಿ ಬಂದ ಅಕ್ಕಿಯನ್ನು ಗಂಡನ ಕೈಯಲ್ಲಿ ವಾಪಸು ಕಳಿಸಿದಳು. ನಾವು ಆ ಕಥೆಯನ್ನು ಹೇಳುವುದು ಕೆಲಸದವರಿಗೆ, ‘ಹೆಚ್ಚು ಕೇಳಬೇಡ’ ಎನ್ನುವುದಕ್ಕೆ. ಹೆಚ್ಚಾಗಿ ಇಟ್ಟುಕೊಂಡವರು ಯಾರು ಎಂದು ನಮ್ಮ ಮನೆಯ ಡಬ್ಬಿ ತೆರೆದು ನೋಡುವುದಿಲ್ಲ.

“ಹಾಗಾದರೆ ಮಧ್ಯಾಹ್ನ ಎರಡು ಗಂಟೆ ಬಿಟ್ಟುಬಿಡಿ, ಹೊರಗೆ ಹೋಗಲಿ” ಎಂದರು ಇನ್ನೊಬ್ಬರು. ಬಿಡಬಹುದು. ಆದರೆ ಆ ಎರಡು ಗಂಟೆ ಮನೆಯವರೇ ಮಂಚದ ಪಕ್ಕ ಕೂರಬೇಕು. ರೈಲಿನಲ್ಲಿ ಬಂದವರು ಆ ಹೊತ್ತಿಗೆ ಮನೆಗೆ ಹೋಗಿ ಬರಲಾಗದು ಎಂಬುದೂ ನೆನಪಿರಲಿ. ನಮ್ಮ ಮನೆಯಲ್ಲಿ ಕೂರುವವರು ಯಾರೂ ಸಿಗಲಿಲ್ಲ. ನಾನೂ ಸಿಗಲಿಲ್ಲ, ಮಧ್ಯಾಹ್ನ ನಾನು ಮಲಗುತ್ತೇನೆ.

ಈ ತಿಂಗಳಿಂದ ಪೂರ್ತಿ ಸಂಬಳ ಕೊಡುತ್ತಿದ್ದೇವೆ. ಹಿಂದಿನ 12 ತಿಂಗಳ ಬಾಕಿ 37,440. ಮೂರು ಕಂತೆಂದು ಒಪ್ಪಿಸಿ, ಮೊದಲ ಕಂತು 12,480 ಕೊಟ್ಟು, ಚೀಟಿಗೆ ಇಬ್ಬರೂ ಸಹಿ ಹಾಕಿದ್ದೇವೆ. ಅದಕ್ಕೂ ಹಿಂದಿನ ವರ್ಷಗಳ ಲೆಕ್ಕವನ್ನು ಅವರು ಕೇಳಲಿಲ್ಲ. ನನ್ನ ಹೆಂಡತಿ ಕೇಳುತ್ತಿದ್ದಾಳೆ.